ಗಡಿಯಾರದ ಕಂಪನಿ ಯಾವ ಸಾಲಿನಲ್ಲಿ ಕುಳಿತಿದೆ?

ಟೈಟನ್ ಎಂಬ ಹೆಸರನ್ನು ಕೇಳಿದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಕೈಗಡಿಯಾರ. 1984ರಲ್ಲಿ ಟಾಟಾ ಸಮೂಹವೂ ತಮಿಳುನಾಡು ಕೈಗಾರಿಕಾಭಿವೃದ್ಧಿ ನಿಗಮವೂ ಕೂಡಿ ಕಟ್ಟಿದ, ಬೆಂಗಳೂರಿನ ನೆರೆಯ ಹೊಸೂರಿನಲ್ಲಿ ಕಾರ್ಖಾನೆ ತೆರೆದ ಈ ಕಂಪನಿಯ ಮೊದಲ ಹೆಸರೇ ಟೈಟನ್ ವಾಚಸ್ ಎಂದು. ಆದರೆ ಇಂದು ಅದರ ವರಮಾನದ ಐದು ಪಾಲಿನಲ್ಲಿ ನಾಲ್ಕಕ್ಕೂ ಮಿಕ್ಕಿ ಬರುವುದು ಒಡವೆಗಳ ಮಾರಾಟದಿಂದ. ಇನ್ನು ಷೇರುಪೇಟೆಯ ದಾಖಲೆಗಳನ್ನು ತೆರೆದು ನೋಡಿದರೆ, ಈ ಗಡಿಯಾರದ ಹಾಗೂ ಒಡವೆಯ ಕಂಪನಿಯು ಫ್ಯಾನು, ಹವಾನಿಯಂತ್ರಕ ಮುಂತಾದವುಗಳನ್ನು ಮಾರುವವರ ಸಾಲಿನಲ್ಲಿ ಕುಳಿತಿರುತ್ತದೆ. ಇದು ಹೇಗಾಯಿತು, ಮತ್ತು ಇಂಥ ಕಂಪನಿಯು ಯಾವ ಯಾವ ಸೂಚ್ಯಂಕಗಳಲ್ಲಿ ಸೇರಿದೆಯೆಂಬುದನ್ನು ಕಂಡುಕೊಳ್ಳುವುದೆಂತು ಎಂಬುದನ್ನು ನೋಡೋಣ.

ಸೂಚ್ಯಂಕವೆಂದರೆ ಗೊತ್ತಾದ ನಿಯಮಗಳಂತೆ ಆರಿಸಿದ ಕೆಲವು ಕಂಪನಿಗಳ ಪಟ್ಟಿ, ಮತ್ತು ಆ ಪಟ್ಟಿಯ ಒಟ್ಟು ಬೆಲೆಯ ಏರಿಳಿತವನ್ನು ತೋರಿಸುವ ಒಂದು ಸಂಖ್ಯೆ. ದಿನಪತ್ರಿಕೆಗಳು ಸಂಖ್ಯೆಯನ್ನು ಅಚ್ಚುಹಾಕುತ್ತವೆ. ನಮಗೆ ಇಲ್ಲಿ ಬೇಕಾದುದು ಪಟ್ಟಿ. ಅದನ್ನು ಸೂಚ್ಯಂಕವನ್ನು ರಚಿಸುವವರೇ ಪ್ರಕಟಿಸುತ್ತಾರೆ. ಷೇರಿನ ವಿವರ ಕೊಡುವ ಪುಟಗಳಲ್ಲಿ ಸಾಮಾನ್ಯವಾಗಿ ಒಂದೆರಡು ಸೂಚ್ಯಂಕಗಳ ಹೆಸರು ಕಾಣುವುದುಂಟು. ಅಷ್ಟೇ ಪೂರ್ತಿಯೆಂದು ನಂಬಬಾರದು. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ಸೂಚ್ಯಂಕಗಳ ಪಟ್ಟಿಗಳು niftyindices.com ಎಂಬ ತಾಣದಲ್ಲಿ ದೊರೆಯುತ್ತವೆ. ನಿಫ್ಟಿ 50ರ ಪಟ್ಟಿಯ ಕಡತದ ಹೆಸರು `ind_nifty50list.csv`. ಅದರ ತಲೆಸಾಲೂ ನಮ್ಮ ಕಂಪನಿಯ ಸಾಲೂ ಹೀಗಿರುತ್ತವೆ:

```
Company Name,Industry,Symbol,Series,ISIN Code
Titan Company Ltd.,Consumer Durables,TITAN,EQ,INE280A01028
```

ಹುಡುಕುವಾಗ ಹೆಸರನ್ನು ನೆಚ್ಚದೆ ಕೊನೆಯಲ್ಲಿರುವ ಹನ್ನೆರಡು ಅಕ್ಷರಾಂಕಗಳ ಐಸಿನ್ ಸಂಖ್ಯೆಯನ್ನು ಹಿಡಿಯುವುದು ಮೇಲು. ಕಂಪನಿಗಳ ಹೆಸರು ಬದಲಾಗುತ್ತದೆ. ಟೈಟನ್ ವಾಚಸ್ ಎಂಬುದು ಟೈಟನ್ ಇಂಡಸ್ಟ್ರೀಸ್ ಆಗಿ, 2013ರಲ್ಲಿ ಟೈಟನ್ ಕಂಪನಿಯಾಯಿತು. ಒಂದೇ ಮನೆತನದ ಹೆಸರು ಹೊತ್ತ ಹಲವು ಕಂಪನಿಗಳೂ ಇರುತ್ತವೆ. ಐಸಿನ್ ಆದರೋ ಒಂದು ನಿರ್ದಿಷ್ಟ ಷೇರನ್ನು ಮಾತ್ರ ಸೂಚಿಸುತ್ತದೆ. ಷೇರಿನ ಮುಖಬೆಲೆಯನ್ನು ಒಡೆದಾಗ ಹೊಸ ಸಂಖ್ಯೆ ಬರುವುದುಂಟು. ಹಳೆಯ ಪಟ್ಟಿಗಳನ್ನು ನೋಡುವವರು ಇದನ್ನು ನೆನಪಿನಲ್ಲಿಡಬೇಕು.

ಟೈಟನ್ ನಿಫ್ಟಿ 50ರೊಳಗೆ ಬಂದದ್ದು 2018ರಲ್ಲಿ. ಅದು ಅಲ್ಲಿರುವವರೆಗೆ ನಿಫ್ಟಿ 100, 200, 500 ಎಂಬ ಪಟ್ಟಿಗಳನ್ನು ಬೇರೆಯಾಗಿ ತೆರೆದು ನೋಡಬೇಕಾದುದಿಲ್ಲ. ಹಸೆಮಣೆಯ ಮೇಲಿರುವವನು ಚಪ್ಪರದೊಳಗೂ ಇದ್ದಾನಷ್ಟೆ! ಈ ಪಟ್ಟಿಗಳು ಒಂದರೊಳಗೊಂದು ಅಡಕವಾಗಿವೆ. ನಿಫ್ಟಿ 50ಕ್ಕೆ ‘ನೆಕ್ಸ್ಟ್ 50’ ಎಂಬ ಮುಂದಿನ ಐವತ್ತನ್ನು ಕೂಡಿಸಿದರೆ ನಿಫ್ಟಿ 100. ಅದೇ ಕಾರಣದಿಂದ ಟೈಟನ್ ನೆಕ್ಸ್ಟ್ 50ರಲ್ಲಿ ಇರುವಂತಿಲ್ಲ. ಸೆನ್ಸೆಕ್ಸ್ ಮಾತ್ರ ಬೇರೆ ಮನೆಯದು. ಮುಂಬಯಿಯ ಬಿಎಸ್‌ಇಯ ಮೂವತ್ತು ಕಂಪನಿಗಳ ಆ ಪಟ್ಟಿಯನ್ನು ಪ್ರತ್ಯೇಕವಾಗಿಯೇ ನೋಡಬೇಕು. ಅಲ್ಲಿ ಟೈಟನ್‌ನ ಸಂಕೇತ 500114. ಅದು ಸೆನ್ಸೆಕ್ಸ್‌ಗೆ ಸೇರಿದ್ದು 2019ರ ಡಿಸೆಂಬರಿನಲ್ಲಿ.

ಇಷ್ಟು ಗಾತ್ರಕ್ಕೆ ಸಂಬಂಧಿಸಿದ್ದು. ಕಸುಬಿಗೆ ಸಂಬಂಧಿಸಿದ ಸೂಚ್ಯಂಕಗಳು ಬೇರೆ, ಮತ್ತು ಅಲ್ಲಿಗೆ ಪ್ರವೇಶ ದೊರೆಯುವುದು ಕಂಪನಿಗೆ ಹಚ್ಚಿದ ವರ್ಗದ ಹೆಸರಿನಿಂದ. ನಮ್ಮ ದೇಶದಲ್ಲಿ ಈ ವರ್ಗೀಕರಣಕ್ಕೆ ನಾಲ್ಕು ಮೆಟ್ಟಿಲುಗಳಿವೆ. ಮೇಲಿನ ಮೆಟ್ಟಿಲಿನಲ್ಲಿ 12 ದೊಡ್ಡ ವಿಭಾಗಗಳು, ಅದರ ಕೆಳಗೆ 22, ಬಳಿಕ 59, ಎಲ್ಲಕ್ಕಿಂತ ಕೆಳಗೆ 197 ಮೂಲ ಉದ್ಯಮಗಳು. ಟೈಟನ್‌ಗೆ ಮೊದಲು ದೊರೆತದ್ದು ಕೆಳಗಿನ ಮೆಟ್ಟಿಲಿನ ಹೆಸರು: ‘ರತ್ನ, ಒಡವೆ ಮತ್ತು ಗಡಿಯಾರ’. ಆ ಮೂಲ ಉದ್ಯಮವು ‘ಕನ್ಸ್ಯೂಮರ್ ಡ್ಯೂರಬಲ್ಸ್’ ಎಂಬ ಬಾಳಿಕೆಯ ಗೃಹೋಪಯೋಗಿ ವಸ್ತುಗಳ ವಿಭಾಗಕ್ಕೆ ಸೇರಿದೆಯಾದ ಕಾರಣ, ಕಂಪನಿಯೂ ಅದರ ಹಿಂದೆಯೇ ಅಲ್ಲಿಗೆ ಹೋಯಿತು. ಒಡವೆಗೂ ಫ್ಯಾನಿಗೂ ನಂಟು ಬಂದದ್ದು ಹೀಗೆ. ಎರಡೂ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುವಂಥವು. ವಾಚಕರು ಇಲ್ಲಿ ಒಂದು ತೊಡಕನ್ನು ಗಮನಿಸಬೇಕು. ಮೇಲಿನ ಕಡತದಲ್ಲಿ `Industry` ಎಂಬ ತಲೆಬರಹದ ಕೆಳಗೆ ಅಚ್ಚಾಗಿರುವುದು ಎರಡನೆಯ ಮೆಟ್ಟಿಲಿನ ಹೆಸರೇ ಹೊರತು ಮೂರನೆಯದಲ್ಲ. ಟೈಟನ್‌ಗೆ ಎರಡೂ ಒಂದೇ ಆದುದರಿಂದ ಗೊತ್ತಾಗುವುದಿಲ್ಲ. ಇನ್ಫೋಸಿಸ್‌ನ ಸಾಲನ್ನು ನೋಡಿದರೆ ವ್ಯತ್ಯಾಸ ಕಾಣುತ್ತದೆ. ನಾಲ್ಕೂ ಮೆಟ್ಟಿಲುಗಳನ್ನು ವಿನಿಮಯ ಕೇಂದ್ರದ ತಾಣದಲ್ಲಿ ಆಯಾ ಷೇರಿನ ಪುಟದಲ್ಲಿ ನೋಡಬಹುದು.

ವರ್ಗವನ್ನು ನಿಶ್ಚಯಿಸುವ ಮುಖ್ಯ ಅಳತೆಗೋಲು ವರಮಾನ. ಕಂಪನಿಯ ವಾರ್ಷಿಕ ವರದಿಯಲ್ಲಿ ಶಾಖಾವಾರು ಲೆಕ್ಕವಿರುತ್ತದೆ. ಅತಿ ಹೆಚ್ಚು ವರಮಾನ ತರುವ ಶಾಖೆಯ ಹೆಸರೇ ಕಂಪನಿಯ ಹೆಸರಾಗುತ್ತದೆ. ಈ ಅಳತೆಗೋಲು ಸರಳವೇನೋ ಹೌದು, ಆದರೆ ಅದಕ್ಕೆ ಒಂದು ವಕ್ರತೆಯಿದೆ. ಒಂದು ಬಳೆಯನ್ನು ಮಾರಿದಾಗ ಬರುವ ವರಮಾನದಲ್ಲಿ ಬಹುಪಾಲು ಚಿನ್ನದ ಬೆಲೆಯೇ. ಕೂಲಿ, ಕುಶಲತೆ, ಲಾಭಗಳ ಪಾಲು ಕಡಮೆ. ಗಡಿಯಾರದಲ್ಲಿ ಲೋಹದ ಬೆಲೆ ಅಲ್ಪ, ಕೆಲಸದ ಬೆಲೆ ಅಧಿಕ. ಚಿನ್ನದ ದರ ಏರಿದ ವರ್ಷ ಒಂದು ಬಳೆಯೂ ಹೆಚ್ಚು ಮಾರಾಟವಾಗದೆಯೇ ಒಡವೆಯ ವರಮಾನ ಉಬ್ಬಬಹುದು. ಆದಕಾರಣ ವರಮಾನದ ಪಾಲನ್ನು ನೋಡಿ ದುಡಿಮೆಯ ಪಾಲೂ ಅಷ್ಟೇ ಎಂದು ಭಾವಿಸುವುದು ಸರಿಯಾಗಲಾರದು.

ಒಂದೇ ಕಂಪನಿಗೆ ಎರಡು ಸಂಸ್ಥೆಗಳು ಎರಡು ಹೆಸರು ಹಚ್ಚುವುದೂ ಉಂಟು. ಎಂಎಸ್‌ಸಿಐ ಮತ್ತು ಎಸ್ ಆಂಡ್ ಪಿ ಎಂಬ ಸಂಸ್ಥೆಗಳು 1999ರಲ್ಲಿ ರೂಪಿಸಿದ ಜಾಗತಿಕ ಪದ್ಧತಿಯಲ್ಲಿ ಟೈಟನ್ ಸೇರಿರುವುದು ಜವಳಿ, ಉಡುಪು ಮತ್ತು ವಿಲಾಸವಸ್ತುಗಳ ಗುಂಪಿಗೆ. ಅಲ್ಲಿ ವರಮಾನದ ಜೊತೆಗೆ ಲಾಭವನ್ನೂ ಪೇಟೆಯ ಜನರ ಗ್ರಹಿಕೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಎರಡರಲ್ಲಿ ಯಾವುದೂ ತಪ್ಪಲ್ಲ. ಆದರೆ ಒಂದರ ಹೆಸರನ್ನು ಹಿಡಿದು ಇನ್ನೊಂದರ ಪಟ್ಟಿಯಲ್ಲಿ ಹುಡುಕಿದರೆ ಕಂಪನಿ ಸಿಕ್ಕದು.

ಹೆಸರು ಹೊಂದಿದ ಮಾತ್ರಕ್ಕೆ ಸೂಚ್ಯಂಕದಲ್ಲಿ ಸ್ಥಾನ ಸಿಕ್ಕುವುದಿಲ್ಲ. ನಿಫ್ಟಿ ಕನ್ಸ್ಯೂಮರ್ ಡ್ಯೂರಬಲ್ಸ್ ಪಟ್ಟಿಯಲ್ಲಿರುವುದು 15 ಕಂಪನಿಗಳಷ್ಟೆ. ಅದೇ ವರ್ಗದ ಚಿಕ್ಕ ಕಂಪನಿಗಳು ಹೊರಗೇ ಉಳಿಯುತ್ತವೆ. ಆ ಹದಿನೈದರೊಳಗೂ ಸಮಪಾಲಿಲ್ಲ. ಪೇಟೆಯಲ್ಲಿ ಓಡಾಡುವ ಷೇರುಗಳ ಒಟ್ಟು ಬೆಲೆಗೆ ತಕ್ಕಂತೆ ತೂಕ. ಮರುಹೊಂದಿಕೆಯ ದಿನ ಒಂದೇ ಕಂಪನಿಯ ತೂಕ ಶೇಕಡ 33ನ್ನು ಮೀರಬಾರದೆಂಬ ನಿಯಮವಿದೆ. 2025ರಲ್ಲಿ ಅಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಟೈಟನ್‌ನದು. ಫ್ಯಾನು, ಹವಾನಿಯಂತ್ರಕಗಳ ವ್ಯಾಪಾರ ಬೆಳೆಯುವುದೆಂದು ನೆಚ್ಚಿ ಈ ಸೂಚ್ಯಂಕದ ನಿಧಿಯಲ್ಲಿ ಹಣ ತೊಡಗಿಸಿದ ಗೃಹಸ್ಥನು, ತನಗೆ ತಿಳಿಯದಂತೆ ಒಡವೆ ಅಂಗಡಿಯ ಪಾಲುದಾರನೂ ಆಗಿರುತ್ತಾನೆ. ಅವನೇ ನಿಫ್ಟಿ 50ರ ನಿಧಿಯನ್ನೂ ಭಾರತೀಯ ಬಳಕೆ ಎಂಬ ಸೂಚ್ಯಂಕದ ನಿಧಿಯನ್ನೂ ಹೊಂದಿದ್ದರೆ, ಅದೇ ಟೈಟನ್ ಅವನ ಬಳಿ ಮೂರು ಕಡೆ ಇರುತ್ತದೆ. ಮೂರು ಪಟ್ಟಿಗಳನ್ನೂ ತೆರೆದು ಐಸಿನ್ ಹೋಲಿಸಿದರೆ ಐದು ನಿಮಿಷದಲ್ಲಿ ಇದು ಹೊರಬೀಳುತ್ತದೆ.

ಪಟ್ಟಿಗೆ ತಾರೀಖೂ ಮುಖ್ಯ. ನಿಫ್ಟಿ 50ಕ್ಕೆ ಜನವರಿ ಮತ್ತು ಜುಲೈ ಕೊನೆಯವರೆಗಿನ ಅಂಕಿಅಂಶಗಳನ್ನು ಪರಿಶೀಲಿಸಿ, ಮಾರ್ಚ್ ಮತ್ತು ಸೆಪ್ಟೆಂಬರ್ ಅಂತ್ಯದಲ್ಲಿ ಬದಲಾವಣೆಗಳನ್ನು ಜಾರಿಗೆ ತರುತ್ತಾರೆ; ಪ್ರಕಟಣೆ ಸುಮಾರು ನಾಲ್ಕು ವಾರ ಮೊದಲೇ ಹೊರಡುತ್ತದೆ. ಈ ನಡುವಿನ ದಿನಗಳಲ್ಲಿ ‘ಸೇರಿದೆ’ ಎಂದು ಪತ್ರಿಕೆಯಲ್ಲಿ ಓದಿದ ಕಂಪನಿ ಪಟ್ಟಿಯಲ್ಲಿ ಕಾಣದಿದ್ದರೆ ಆಶ್ಚರ್ಯವಿಲ್ಲ. ವರ್ಗದ ಹೆಸರುಗಳಿಗೂ ಇದೇ ಮಾತು. 2023ರ ಮಾರ್ಚಿನಲ್ಲಿ ಜಾಗತಿಕ ಪದ್ಧತಿಯವರು ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳನ್ನು ಮಾಹಿತಿ ತಂತ್ರಜ್ಞಾನದ ಸಾಲಿನಿಂದ ಎಬ್ಬಿಸಿ ಹಣಕಾಸಿನ ಸಾಲಿನಲ್ಲಿ ಕೂರಿಸಿದರು. ಆ ಕಂಪನಿಗಳು ಮಾಡುತ್ತಿದ್ದ ಕೆಲಸ ಹಿಂದಿನ ದಿನ ಯಾವುದೋ ಮರುದಿನವೂ ಅದೇ ಆಗಿತ್ತು. ಆದರೆ ಅಮೆರಿಕದ ತಂತ್ರಜ್ಞಾನ ಸೂಚ್ಯಂಕದ 2022ರ ಪಟ್ಟಿಯನ್ನು 2024ರ ಪಟ್ಟಿಯೊಡನೆ ಹೋಲಿಸುವವನಿಗೆ ಅವೆರಡೂ ವ್ಯಾಪಾರವನ್ನೇ ಬದಲಿಸಿದವೋ ಎಂಬ ಭ್ರಮೆ ಹುಟ್ಟುವುದು ಸಹಜ.