ಕಾಣದ ಹುಲಿಗಳನ್ನು ಎಣಿಸುವ ಲೆಕ್ಕ

ರಜೆಯಲ್ಲಿ ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ನಾಗರಹೊಳೆಗೆ ಹೋಗಿಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಜಿಂಕೆ, ಕಾಟಿ, ಆನೆ ಎಲ್ಲವೂ ಕಾಣಿಸುತ್ತವೆ. ಹುಲಿ ಮಾತ್ರ ಕಾಣಿಸುವುದಿಲ್ಲ. ಹೀಗೆ ಕಣ್ಣಿಗೇ ಬೀಳದ ಪ್ರಾಣಿ ಇಂತಿಷ್ಟೇ ಇದೆ ಎಂದು ಹೇಳುವುದಾದರೂ ಹೇಗೆ?

ಬಹಳ ಕಾಲ ನಮ್ಮ ದೇಶದಲ್ಲಿ ಇದಕ್ಕೆ ಹೆಜ್ಜೆ ಗುರುತನ್ನೇ ನಂಬಿದ್ದರು. ಒಂದು ಹೆಜ್ಜೆಯನ್ನು ನೋಡಿ ಅದು ಯಾವ ಹುಲಿಯದೆಂದು ಗುರುತಿಸಬಹುದು, ಕಾಡಿನ ಎಲ್ಲ ಹುಲಿಗಳ ಹೆಜ್ಜೆಯೂ ಸಿಗುತ್ತದೆ ಎಂಬ ಎರಡು ನಂಬಿಕೆಗಳು ಅದರ ಬುನಾದಿ. ಆದರೆ ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ತರಹ, ಒಣ ಧೂಳಿನಲ್ಲಿ ಇನ್ನೊಂದು ತರಹ ಮೂಡುತ್ತದೆ. ಗಣತಿಯ ಪಟ್ಟಿಯಲ್ಲಿ ಹುಲಿಗಳಿದ್ದ ರಾಜಸ್ಥಾನದ ಸರಿಸ್ಕಾದಲ್ಲಿ ಒಂದು ಹುಲಿಯೂ ಉಳಿದಿಲ್ಲವೆಂದು 2005ರಲ್ಲಿ ಬಯಲಾದಾಗ ಈ ಲೆಕ್ಕದ ಬಣ್ಣ ಬಯಲಾಯಿತು.

ಅದಕ್ಕೆ ಎಷ್ಟೋ ಮೊದಲೇ ಬೇರೆ ದಾರಿ ಹಿಡಿದವರು ಡಾ. ಕೆ. ಉಲ್ಲಾಸ ಕಾರಂತರು. ಶಿವರಾಮ ಕಾರಂತರ ಮಗ. ಓದಿದ್ದು ಇಂಜಿನಿಯರಿಂಗ್, ಒಲಿದದ್ದು ಕಾಡು. ನಾಗರಹೊಳೆಯ ಹುಲಿಗಳನ್ನು ಕ್ಯಾಮರಾದಿಂದ ‘ಹಿಡಿದು’ ಅಂದಾಜು ಮಾಡಿದ ಅವರ ಅಧ್ಯಯನ 1995ರಲ್ಲಿ ಪ್ರಕಟವಾಯಿತು.

ಈ ಲೆಕ್ಕದ ಮೂಲ ಹಳೆಯದು. ಮೀನುಗಳನ್ನು ಹಿಡಿದು, ಗುರುತು ಹಾಕಿ, ನೀರಿಗೆ ಬಿಟ್ಟು, ಮತ್ತೆ ಬಲೆ ಬೀಸಿದಾಗ ಗುರುತಿನವು ಎಷ್ಟು ಬಿದ್ದವೆಂದು ನೋಡುವುದು. ಹುಲಿಗೆ ನಾವು ಗುರುತು ಹಾಕಬೇಕಾದ ಅಗತ್ಯವೇ ಇಲ್ಲ. ಅದರ ಪಟ್ಟೆಗಳು ನಮ್ಮ ಬೆರಳಚ್ಚಿನ ಹಾಗೆ, ಒಂದರಂತೆ ಇನ್ನೊಂದಿಲ್ಲ.

ಒಂದು ಕಾಡನ್ನು ಕಲ್ಪಿಸಿಕೊಳ್ಳಿ. ಮೊದಲ ಸುತ್ತಿನಲ್ಲಿ ಕ್ಯಾಮರಾಗಳಿಗೆ 24 ಬೇರೆ ಬೇರೆ ಹುಲಿಗಳು ಸಿಕ್ಕವು. ಕೆಲವು ದಿನ ಬಿಟ್ಟು ನಡೆಸಿದ ಎರಡನೆಯ ಸುತ್ತಿನಲ್ಲಿ 20 ಸಿಕ್ಕವು; ಪಟ್ಟೆ ಹೋಲಿಸಿದಾಗ ಅವುಗಳಲ್ಲಿ 16 ಹಳೆಯವೇ. ಅಂದರೆ ಎರಡನೆಯ ಸುತ್ತಿನಲ್ಲಿ ಕಂಡವುಗಳಲ್ಲಿ ನೂರಕ್ಕೆ 80 ನಮಗೆ ಮೊದಲೇ ಪರಿಚಿತ. ಹಾಗಾದರೆ ಇಡೀ ಕಾಡಿನಲ್ಲೂ ನೂರಕ್ಕೆ 80 ಪರಿಚಿತ ಇರಬೇಕು. ಆ 80 ಪಾಲೇ ನಮ್ಮ 24. ಒಟ್ಟು ಸಂಖ್ಯೆ:

24 × 20 ÷ 16 = 30

ಎರಡೂ ಸುತ್ತು ಸೇರಿ ನಾವು ನಿಜವಾಗಿ ಕಂಡ ಹುಲಿಗಳು 28. ಉಳಿದ ಎರಡನ್ನು ಯಾರೂ ಕಂಡಿಲ್ಲ, ಲೆಕ್ಕ ಕಂಡಿತು! ಆದರೆ 30 ಎಂಬುದು ಕರಾರುವಾಕ್ಕಾದ ಸಂಖ್ಯೆಯಲ್ಲ. ಇಷ್ಟು ಸಣ್ಣ ಲೆಕ್ಕದಲ್ಲಿ ಆಕಸ್ಮಿಕದ ಪಾಲು ಇದ್ದೇ ಇರುತ್ತದೆ. 28ರಿಂದ 34ರೊಳಗೆ ಎನ್ನುವುದೇ ಪ್ರಾಮಾಣಿಕ ಉತ್ತರ.

ಇದೆಲ್ಲ ಕೆಲವು ಷರತ್ತುಗಳ ಮೇಲೆ ನಿಂತಿದೆ. ಎರಡು ಸುತ್ತುಗಳ ನಡುವೆ ಹುಲಿಗಳು ಸಾಯಬಾರದು, ಹುಟ್ಟಬಾರದು, ವಲಸೆ ಹೋಗಬಾರದು. ಆದ್ದರಿಂದಲೇ ಕೆಲಸವನ್ನು ಒಂದೆರಡು ತಿಂಗಳೊಳಗೆ ಮುಗಿಸುತ್ತಾರೆ, ಮರಿಗಳನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ.

ಗುರುತು ತಪ್ಪಬಾರದು ಎಂಬುದು ಇನ್ನೊಂದು. ಹುಲಿಯ ಎಡಮಗ್ಗುಲ ಪಟ್ಟೆಯೇ ಬೇರೆ, ಬಲಮಗ್ಗುಲದ್ದೇ ಬೇರೆ. ಒಂದೇ ಕ್ಯಾಮರಾ ಇಟ್ಟರೆ ಒಂದೇ ಹುಲಿ ಎರಡಾಗಿ ಪಟ್ಟಿಗೆ ಸೇರಬಹುದು. ಹೀಗಾಗಿ ಕಾಡುದಾರಿಯ ಎರಡೂ ಬದಿಯಲ್ಲಿ ಜೋಡಿ ಕ್ಯಾಮರಾ ಕಟ್ಟುತ್ತಾರೆ. ನಮ್ಮ ಉದಾಹರಣೆಯಲ್ಲಿ ಹಳೆಯ 16ರಲ್ಲಿ ನಾಲ್ಕನ್ನು ಹೊಸವೆಂದು ತಪ್ಪು ತಿಳಿದರೆ ಏನಾಗುತ್ತದೆ ನೋಡಿ: 24 × 20 ÷ 12, ಅಂದರೆ 40. ನಾಲ್ಕು ಚಿತ್ರಗಳ ತಪ್ಪಿಗೆ ಕಾಗದದ ಮೇಲೆ ಹತ್ತು ಹುಲಿ ಹುಟ್ಟಿದವು. ಫ್ಲ್ಯಾಷ್ ಬೆಳಕಿಗೆ ಬೆದರಿದ ಹುಲಿ ಮತ್ತೆ ಆ ದಾರಿಗೆ ಬಾರದಿದ್ದರೂ ಸಂಖ್ಯೆ ಹೀಗೆಯೇ ಉಬ್ಬುತ್ತದೆ.

ಎಲ್ಲಕ್ಕಿಂತ ಕಷ್ಟದ ಷರತ್ತು, ಪ್ರತಿಯೊಂದು ಹುಲಿಗೂ ಸಿಕ್ಕಿಬೀಳುವ ಸಾಧ್ಯತೆ ಸಮನಾಗಿರಬೇಕು ಎಂಬುದು. ಇದು ನಿಜದಲ್ಲಿ ನಡೆಯುವುದಿಲ್ಲ. ಗಂಡು ಹುಲಿ ಜೀಪಿನ ದಾರಿಯಲ್ಲಿ ದೂರ ದೂರ ಅಲೆಯುತ್ತದೆ. ಹೆಣ್ಣಿನ ಸೀಮೆ ಚಿಕ್ಕದು. ಕ್ಯಾಮರಾಗಳ ನಡುವಿನ ಅಂತರ ಹೆಚ್ಚಾದರೆ ಒಂದು ಹೆಣ್ಣಿನ ಸೀಮೆಯಲ್ಲಿ ಒಂದೂ ಕ್ಯಾಮರಾ ಇಲ್ಲದೆ ಹೋಗಬಹುದು. ಅಲೆಮಾರಿ ಗಂಡುಗಳೇ ಮತ್ತೆ ಮತ್ತೆ ಬೀಳುತ್ತವೆ, ಎಲ್ಲ ಹುಲಿಗಳೂ ಪರಿಚಿತವೆಂಬ ಭ್ರಮೆ ಹುಟ್ಟುತ್ತದೆ, ಅಂದಾಜು ನಿಜಕ್ಕಿಂತ ಕೆಳಗಿಳಿಯುತ್ತದೆ.

ಎರಡೇ ಸುತ್ತಿನಿಂದ ಈ ದೋಷ ಪತ್ತೆಯಾಗದು. ಅದಕ್ಕಾಗಿ ಒಂದೊಂದು ದಿನವನ್ನೂ ಒಂದೊಂದು ಸುತ್ತೆಂದು ಎಣಿಸಿ, ಪ್ರತಿ ಹುಲಿಯ ಮುಂದೆ ಸಿಕ್ಕ ದಿನ 1, ಸಿಗದ ದಿನ 0 ಎಂದು ಬರೆದಿಡುತ್ತಾರೆ, ಶಾಲೆಯ ಹಾಜರಿ ಪುಸ್ತಕದ ಹಾಗೆ. ಕೆಲವದರ ಸಾಲಿನಲ್ಲಿ ಹಲವು 1, ಬಹಳಷ್ಟರ ಸಾಲಿನಲ್ಲಿ ಒಂದೇ 1 ಇದ್ದರೆ ಸಾಧ್ಯತೆ ಸಮನಿಲ್ಲವೆಂಬ ಸುಳಿವು ಸಿಗುತ್ತದೆ, ಅದಕ್ಕೆ ಹೊಂದುವ ಬೇರೆ ಸೂತ್ರ ಬಳಸುತ್ತಾರೆ. ಕಡೆಯ ದಿನಗಳಲ್ಲೂ ಹೊಸ ಹುಲಿಗಳು ಬರುತ್ತಲೇ ಇದ್ದರೆ ಇನ್ನೂ ಕಾಣದವು ಬಹಳ ಇರಬಹುದು, ಇಲ್ಲವೇ ಹೊರಗಿನವು ಒಳಬರುತ್ತಿರಬಹುದು. ಅಂಥ ಪುಸ್ತಕದಿಂದ ಬಂದ ಸಂಖ್ಯೆಯನ್ನು ಬಲ್ಲವರು ಬೇಗನೆ ನಂಬುವುದಿಲ್ಲ.