ದೋಸೆ ಕಲ್ಲಿನ ಮುಂದೆ ನಿಲ್ಲುವವರ ಬಟ್ಟೆ

ಬೆಂಗಳೂರಿನ ಯಾವುದೇ ದರ್ಶಿನಿಯ ಅಡುಗೆಮನೆಗೆ ಬೆಳಗಿನ ಹೊತ್ತು ಇಣುಕಿ ನೋಡಿ. ದೋಸೆ ಕಲ್ಲು ಸುಮಾರು 200 ಡಿಗ್ರಿ ಸೆಲ್ಸಿಯಸ್ ಕಾದಿರುತ್ತದೆ. ವಡೆಯ ಬಾಣಲೆಯಲ್ಲಿ ಎಣ್ಣೆ 180ರ ಆಸುಪಾಸಿನಲ್ಲಿರುತ್ತದೆ, ಪಕ್ಕದಲ್ಲೇ ಇಡ್ಲಿ ಹಬೆ. ಇವುಗಳ ಮಧ್ಯೆ ಗಂಟೆಗಟ್ಟಲೆ ನಿಲ್ಲುವ ಭಟ್ಟರ ಮೈಮೇಲೆ ಎಷ್ಟೋ ಕಡೆ ಹೋಟೆಲಿನ ಹೆಸರು ಅಚ್ಚಾದ ಪಾಲಿಯೆಸ್ಟರ್ ಟೀ ಶರ್ಟ್, ಕಾಲಲ್ಲಿ ಹವಾಯಿ ಚಪ್ಪಲಿ ಇರುತ್ತವೆ. ಇವೆರಡನ್ನೂ ಮೊದಲು ಬದಲಿಸಬೇಕು.

ಹತ್ತಿ ಬಟ್ಟೆಗೆ ಬೆಂಕಿ ತಗುಲಿದರೆ ಅದು ಕರಕಲಾಗುತ್ತದೆ, ಉರಿಯಲೂಬಹುದು, ಆದರೆ ಕರಗುವುದಿಲ್ಲ. ಪಾಲಿಯೆಸ್ಟರ್ 250–260 ಡಿಗ್ರಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಗಾಯ ಇನ್ನೂ ಆಳವಾಗುತ್ತದೆ. ಕೊಳ್ಳುವ ಮುನ್ನ ಬಟ್ಟೆಯ ಅಂಚಿನಿಂದ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ಬೆಂಕಿಗೆ ಒಡ್ಡಿ. ಹತ್ತಿಯಾದರೆ ಸುಟ್ಟ ಕಾಗದದ ವಾಸನೆ ಬರುತ್ತದೆ, ಉಳಿಯುವ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಎಳೆ ಮುದುಡಿ, ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ.

ಅಡುಗೆಯವರ ಕೋಟಿಗೆ ಎದೆಯ ಮೇಲೆ ಎರಡು ಪದರ ಇರುವುದು ಬರೀ ಅಂದಕ್ಕಲ್ಲ. ಎಣ್ಣೆ ಸಿಡಿದರೆ ಶಾಖ ಮೈಗೆ ತಲುಪುವುದು ತುಸು ತಡವಾಗುತ್ತದೆ, ಆ ಕ್ಷಣದಲ್ಲಿ ಕೋಟನ್ನು ಕಿತ್ತೆಸೆಯಬಹುದು. ಹಾಗಾಗಿ ಹೊಲಿದ ಗುಂಡಿಗಿಂತ ಎಳೆದರೆ ಬಿಚ್ಚಿಕೊಳ್ಳುವ ಒತ್ತುಗುಂಡಿ ವಾಸಿ. ತೋಳು ಮಣಿಕಟ್ಟಿನವರೆಗೆ ಬರಬೇಕು. ದೋಸೆ ಮಗುಚುವವರಿಗೂ ವಡೆ ಬಿಡುವವರಿಗೂ ಸಿಡಿತ ಹೆಚ್ಚಾಗಿ ಬೀಳುವುದು ಮುಂಗೈ ಮೇಲೆ. ತೋಳು ಸಡಿಲವಾಗಿ ಜೋತಾಡಿದರೆ ಬರ್ನರಿಗೆ ತಗುಲುವ ಭಯವಿದೆ, ಆದ್ದರಿಂದ ಅದನ್ನು ಮಣಿಕಟ್ಟಿನ ಹತ್ತಿರ ಬಿಗಿಯಾಗಿ ಮಡಚಿಕೊಳ್ಳಬೇಕು.

ಏಪ್ರನ್ ದಪ್ಪ ಹತ್ತಿ ಡ್ರಿಲ್ ಬಟ್ಟೆಯದಾಗಿರಲಿ, ಎದೆಯಿಂದ ಮೊಣಕಾಲಿನ ಕೆಳಗಿನವರೆಗೆ ಇರಲಿ. ತಂದೂರಿನ ಮುಂದೆ ನಿಲ್ಲುವವರಿಗೆ ಚರ್ಮದ ಏಪ್ರನ್ ಹೆಚ್ಚು ತಡೆಯುತ್ತದೆ. ಪ್ಲಾಸ್ಟಿಕ್ ಏಪ್ರನ್ ಪಾತ್ರೆ ತೊಳೆಯುವ ಕಡೆಗೆ ಮಾತ್ರ. ಒಲೆಯ ಬಳಿ ಅದು ಕರಗುತ್ತದೆ, ಬೆವರನ್ನೂ ಒಳಗೇ ಕೂಡಿಹಾಕುತ್ತದೆ. ದಾರವನ್ನು ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಬೇಕು. ಶಾಖ ತಡೆಯುವ ಏಪ್ರನ್ ಎಂದರೂ ಅದು ಶಾಖವನ್ನು ಸ್ವಲ್ಪ ತಡಮಾಡುತ್ತದೆ ಅಷ್ಟೆ. ಕುದಿಯುವ ಸಾಂಬಾರ್ ಚೆಲ್ಲಿದರೆ ತಕ್ಷಣ ಅದನ್ನು ಕಳಚಿ, ಸುಟ್ಟ ಜಾಗವನ್ನು ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಬೇಕು. ಬಟ್ಟೆ ಚರ್ಮಕ್ಕೆ ಅಂಟಿಕೊಂಡಿದ್ದರೆ ಮಾತ್ರ ಕೀಳಬಾರದು, ನೀರು ಹಾಯಿಸುತ್ತಲೇ ವೈದ್ಯರ ಬಳಿ ಹೋಗಬೇಕು.

ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಬೆವರು ಅದರ ಗುಣ ಕೆಡಿಸುತ್ತದೆ. ಒಣ ಬಟ್ಟೆಯ ಎಳೆಗಳ ನಡುವೆ ಗಾಳಿ ಇರುತ್ತದೆ, ಅದು ಶಾಖವನ್ನು ಸುಲಭವಾಗಿ ಬಿಡುವುದಿಲ್ಲ. ಬಟ್ಟೆ ತೊಯ್ದರೆ ಆ ಜಾಗಕ್ಕೆ ನೀರು ಬರುತ್ತದೆ. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ. ಒದ್ದೆ ಮಸಿಬಟ್ಟೆಯಿಂದ ಬಿಸಿ ಪಾತ್ರೆ ಇಳಿಸಿದವರ ಕೈ ಸುಡುವುದು ಇದರಿಂದಲೇ. ಬೆವರು ಮೈಯನ್ನು ತಂಪು ಮಾಡುವುದೂ ಆವಿಯಾದಾಗ ಮಾತ್ರ. ಇಡ್ಲಿ ಹಬೆ ತುಂಬಿದ ಕಡೆ ಅದು ಆರುವುದೇ ಇಲ್ಲ, ತೊಟ್ಟಿಕ್ಕಿ ವ್ಯರ್ಥವಾಗುತ್ತದೆ. ಅಲ್ಲಿ ಒಳಗೊಂದು ತೆಳು ಹತ್ತಿ ಬನಿಯನ್, ಹಣೆಗೆ ಬೆವರು ಹೀರುವ ಪಟ್ಟಿಯಿರುವ ಟೋಪಿ ಬೇಕು. ಪಾಳಿಯ ನಡುವೆ ಬನಿಯನ್, ಕೋಟು ಎರಡನ್ನೂ ಬದಲಿಸಬೇಕು. ಒಬ್ಬರಿಗೆ ಮೂರು ಜೊತೆಯಾದರೂ ಇಲ್ಲದಿದ್ದರೆ ಇದು ನಡೆಯದ ಮಾತು. 15–20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಲು ಬಿಡುವೂ ಬೇಕು. ತಲೆ ಸುತ್ತು, ವಾಂತಿ ಬಂದಂತಾಗುವುದು, ಮಾತು ತಡವರಿಸುವುದು ಕಂಡರೆ ಕೂಡಲೇ ಒಲೆಯಿಂದ ದೂರ ಕರೆದೊಯ್ದು, ಬಟ್ಟೆ ಸಡಿಲಿಸಿ ಮೈ ತಂಪು ಮಾಡಬೇಕು. ಮಾತು ತಡವರಿಸಿದರೆ ಆಸ್ಪತ್ರೆಗೆ ತಡಮಾಡಬಾರದು.

ಇನ್ನು ಕಾಲು. ಎಣ್ಣೆ, ಹಿಟ್ಟು, ನೀರು ಬೆರೆತ ನೆಲದ ಮೇಲೆ ಹವಾಯಿ ಚಪ್ಪಲಿ ಜಾರುತ್ತದೆ, ಕೈಯಲ್ಲಿರುವ ಪಾತ್ರೆಯೂ ಮೈಮೇಲೆ ಬೀಳುತ್ತದೆ. ಇಲ್ಲಿಗೆ ಕ್ಲಾಗ್ ಸರಿಯಾದ ಪಾದರಕ್ಷೆ. ಲೇಸ್ ಇಲ್ಲದ್ದರಿಂದ ಒಳಗೆ ಬಿಸಿ ಎಣ್ಣೆ ಇಳಿದರೆ ಕೊಡವಿ ಬಿಸಾಡಬಹುದು. ಮೇಲ್ಭಾಗದಲ್ಲಿ ತೂತಿಲ್ಲದ್ದನ್ನೇ ಆರಿಸಬೇಕು. ಬಜಾರಿನಲ್ಲಿ ಅಗ್ಗಕ್ಕೆ ಸಿಗುವ ತೂತಿನ ಕ್ಲಾಗ್ ಎಣ್ಣೆಯನ್ನು ನೇರ ಪಾದಕ್ಕೆ ಇಳಿಸುತ್ತದೆ. ಅಟ್ಟೆ ಎಣ್ಣೆಗೆ ಜಗ್ಗದ ರಬ್ಬರಿನದಾಗಿರಬೇಕು. ಅದರ ಗೀರುಗಳೇ ಎಣ್ಣೆ ನೀರನ್ನು ಪಕ್ಕಕ್ಕೆ ಸರಿಸುವುದರಿಂದ, ಗೀರಿನಲ್ಲಿ ಜಿಡ್ಡು ಕಟ್ಟದಂತೆ ದಿನವೂ ಬ್ರಷ್ ಹಾಕಿ ತೊಳೆಯಬೇಕು. ಹಿಮ್ಮಡಿಯ ಕಡೆ ಗೀರು ಸವೆದು ನುಣುಪಾದರೆ ಆ ಜೋಡಿಯ ಆಯುಷ್ಯ ಮುಗಿಯಿತು.

ಹೊಸ ಸಮವಸ್ತ್ರ ಬಂದ ದಿನ ಹೋಟೆಲ್ ಮಾಲೀಕರು ಒಲೆ ಹಚ್ಚುವ ಮೊದಲೇ ಭಟ್ಟರಿಗೆ ಏಪ್ರನ್, ಕೋಟು, ಕ್ಲಾಗ್ ಎಲ್ಲ ತೊಡಿಸಿ, ಥಟ್ಟನೆ ಕಳಚಲು ಹೇಳಲಿ. ಗುಂಡಿ ಸಿಕ್ಕಿಕೊಂಡರೆ, ಗಂಟು ಹುಡುಕಬೇಕಾಗಿ ಬಂದರೆ ಆ ಬಟ್ಟೆಯನ್ನು ದರ್ಜಿಗೆ ವಾಪಸು ಕಳಿಸುವುದೇ ಸರಿ.