ದಶಕದ ದಾರಿ: ದ್ವಿಮಾನ ಸಂಕಲಕಗಳಲ್ಲಿ ಗುಂಪಿನ ಗಾತ್ರದ ಪ್ರಶ್ನೆ

ಕನ್ನಡ ಶಾಲೆಗಳಲ್ಲಿ ಕೂಡುವ ಲೆಕ್ಕವನ್ನು ‘ದಶಕ ರಹಿತ’, ‘ದಶಕ ಸಹಿತ’ ಎಂದು ವಿಂಗಡಿಸಿ ಕಲಿಸುವುದು ರೂಢಿ. ಒಂದು ಸ್ಥಾನದ ಮೊತ್ತ ಹತ್ತನ್ನು ಮುಟ್ಟಿದಾಗ ಎಡಗಡೆಯ ಸ್ಥಾನಕ್ಕೆ ಸಾಗುವ ಒಂದೇ ದಶಕ. ಮಣಿಪಾಲ, ನಿಟ್ಟೆಗಳ ಎಂಜಿನಿಯರಿಂಗ್ ತರಗತಿಗಳಲ್ಲಿ ಇದರ ಹೆಸರು ‘ಕ್ಯಾರಿ’. ಗಣಕದ ದ್ವಿಮಾನ ಪದ್ಧತಿಯಲ್ಲಿ ಇದು ಎರಡನ್ನು ಮುಟ್ಟಿದೊಡನೆ ಹುಟ್ಟುವುದರಿಂದ ‘ದಶಕ’ ಎಂಬ ಮಾತು ಅಕ್ಷರಶಃ ಹೊಂದದು. ಆದರೂ ಅದು ಮಾಡುವ ಕೆಲಸ ಅದೇ ಆಗಿರುವುದರಿಂದ ಇಲ್ಲಿ ಈ ಪದವನ್ನೇ ಉಳಿಸಿಕೊಳ್ಳಲಾಗಿದೆ.

ಸಂತೆಕಟ್ಟೆಯಂತಹ ಊರಿನ ಅಂಗಡಿಯೊಂದರಲ್ಲಿ 49,997 ರೂಪಾಯಿಗೆ ಐದು ರೂಪಾಯಿ ಕೂಡಬೇಕಾಗಿದೆ ಎಂದಿಟ್ಟುಕೊಳ್ಳೋಣ. ಶಾಲೆಯ ಕ್ರಮದಂತೆ ನಡೆದರೆ ಬಿಡಿಯ ಸ್ಥಾನದಲ್ಲಿ ಹುಟ್ಟಿದ ದಶಕ ಮೂರು ಒಂಬತ್ತುಗಳನ್ನು ಒಂದೊಂದಾಗಿ ದಾಟಿ ನಾಲ್ಕನ್ನು ಐದಾಗಿಸಬೇಕು. ಲೆಕ್ಕದಲ್ಲಿ ಪಳಗಿದವರು ಹಾಗೆ ಮಾಡುವುದಿಲ್ಲ. ಒಂಬತ್ತುಗಳ ಸಾಲನ್ನು ಕಂಡೊಡನೆ ದಶಕವನ್ನು ಅದರಾಚೆಗೆ ನೇರವಾಗಿ ಕಳುಹಿಸಿ 50,002 ಎಂದುಬಿಡುತ್ತಾರೆ. ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಅನಲಿಟಿಕಲ್ ಎಂಜಿನ್ನಿಗಾಗಿ ಯೋಚಿಸಿದ, ದಶಕವನ್ನು ಮುಂಗಾಣುವ ಯಾಂತ್ರಿಕ ಏರ್ಪಾಡಿನ ಹಿಂದೆಯೂ ಒಂಬತ್ತುಗಳ ಸಾಲನ್ನು ಮೊದಲೇ ಗುರುತಿಸುವ ಇದೇ ತತ್ತ್ವವಿದೆ.

ದ್ವಿಮಾನದಲ್ಲಿ ಪ್ರತಿ ಸ್ಥಾನದ ಸ್ವಭಾವ ಮೂರು ಬಗೆಯದು. ಎರಡೂ ಅಂಕೆಗಳು 1 ಆದರೆ ಆ ಸ್ಥಾನ ದಶಕವನ್ನು ತಾನೇ ಹುಟ್ಟಿಸುತ್ತದೆ. ಎರಡೂ 0 ಆದರೆ ಬಂದುದನ್ನು ನುಂಗುತ್ತದೆ. ಒಂದು 1, ಇನ್ನೊಂದು 0 ಆದರೆ ಬಂದುದನ್ನು ಹಾಗೆಯೇ ದಾಟಿಸುತ್ತದೆ. ದಶಮಾನದಲ್ಲಿ ಅಂಕೆಗಳ ಮೊತ್ತ ಒಂಬತ್ತಾದ ಸ್ಥಾನ ಮಾಡುವುದೂ ಇದನ್ನೇ. ‘ರಿಪಲ್ ಕ್ಯಾರಿ’ ಸಂಕಲಕದಲ್ಲಿ ದಶಕ ಬಲದಿಂದ ಎಡಕ್ಕೆ ಸ್ಥಾನದಿಂದ ಸ್ಥಾನಕ್ಕೆ ಸಾಗುತ್ತದೆ. ಒಂದು ಸ್ಥಾನಕ್ಕೆ ಒಂದು ಘಟಕ ಕಾಲವೆಂದು ಹಿಡಿದರೆ 32 ಸ್ಥಾನಗಳ ಕೂಡಿಕೆಗೆ ಕಡುಕಷ್ಟದ ಸಂದರ್ಭದಲ್ಲಿ 32 ಘಟಕಗಳು ಬೇಕು. ಗಣಕದ ಗಡಿಯಾರ ಈ ಕಡುಕಷ್ಟದ ಸಂದರ್ಭವನ್ನೇ ಕಾಯಬೇಕಾಗುವುದರಿಂದ, ಸರಾಸರಿ ಕೂಡಿಕೆ ಬೇಗ ಮುಗಿಯುತ್ತದೆ ಎಂಬ ಸಮಾಧಾನ ಇಲ್ಲಿ ಉಪಯೋಗಕ್ಕೆ ಬಾರದು.

‘ಕ್ಯಾರಿ ಸ್ಕಿಪ್’ ಸಂಕಲಕವನ್ನು ಎಂ. ಲೆಹ್ಮನ್ ಮತ್ತು ಎನ್. ಬುರ್ಲಾ 1961ರಲ್ಲಿ ವಿವರಿಸಿದರು. ಇದರಲ್ಲಿ ಸ್ಥಾನಗಳನ್ನು ಗುಂಪುಗಳಾಗಿ ಕಟ್ಟಲಾಗುತ್ತದೆ. ಒಂದು ಗುಂಪಿನ ಎಲ್ಲ ಸ್ಥಾನಗಳೂ ದಾಟಿಸುವ ಬಗೆಯವಾದರೆ, ಹೊರಗಿನಿಂದ ಬಂದ ದಶಕ ಒಳಹೊಕ್ಕು ನಡೆಯದೆ ಗುಂಪಿನ ಬದಿಯ ದಾರಿಯಿಂದ ಒಮ್ಮೆಲೇ ಆಚೆಗೆ ಹೋಗುತ್ತದೆ. ಒಂದೇ ಒಂದು ಸ್ಥಾನ ಹುಟ್ಟಿಸುವ ಅಥವಾ ನುಂಗುವ ಬಗೆಯದಾದರೂ, ಆ ಗುಂಪಿನಿಂದ ಹೊರಬೀಳುವ ದಶಕಕ್ಕೂ ಒಳಬಂದ ದಶಕಕ್ಕೂ ಸಂಬಂಧ ಉಳಿಯುವುದಿಲ್ಲ. ಆದ್ದರಿಂದ ಅತಿ ದೀರ್ಘ ಪಯಣ ಹೀಗಿರುತ್ತದೆ: ಮೊದಲ ಗುಂಪಿನಲ್ಲಿ ಹುಟ್ಟಿ ಅದರೊಳಗೆ ನಡೆಯುವುದು, ನಡುವಿನ ಗುಂಪುಗಳನ್ನು ಹಾರುವುದು, ಕೊನೆಯ ಗುಂಪಿನೊಳಗೆ ಮತ್ತೆ ನಡೆಯುವುದು. ಒಂದು ಹಾರಿಕೆಗೂ ಒಂದು ಘಟಕವೆಂದು ಹಿಡಿದು, n ಸ್ಥಾನಗಳನ್ನು ತಲಾ P ಸ್ಥಾನಗಳ ಗುಂಪುಗಳಾಗಿ ಮಾಡಿದರೆ ಕಾಲ ಇಷ್ಟು:

T = 2P + n/P − 2

ಗುಂಪು ಕಿರಿದಾದರೆ ಹಾರಿಕೆಗಳು ಹೆಚ್ಚುತ್ತವೆ, ಹಿರಿದಾದರೆ ಎರಡು ತುದಿಗಳ ನಡಿಗೆ ಬೆಳೆಯುತ್ತದೆ. 32 ಸ್ಥಾನಗಳಿಗೆ P = 2 ಆದಾಗ 18, P = 8 ಆದಾಗಲೂ 18, P = 4 ಆದಾಗ 14 ಘಟಕಗಳು. ಸಮಗಾತ್ರದ ಗುಂಪುಗಳಲ್ಲಿ √(n/2) ಅತ್ಯುತ್ತಮವೆಂಬುದು ಈ ಸೂತ್ರದಿಂದಲೇ ಹೊರಡುತ್ತದೆ.

ಸಮಗಾತ್ರಕ್ಕೆ ಅಂಟಿಕೊಳ್ಳಬೇಕಾದ ಕಾರಣವೇನೂ ಇಲ್ಲ. ಈ ವಿಷಯದ ನಿಜವಾದ ಸ್ವಾರಸ್ಯ ಇರುವುದೂ ಇಲ್ಲಿಯೇ. ನಡುವಿನ ಗುಂಪಿನಲ್ಲಿ ಹುಟ್ಟಿದ ದಶಕ ಕಡಿಮೆ ಗುಂಪುಗಳನ್ನು ಹಾರಿದರೆ ಸಾಕು. ಅದಕ್ಕೆ ಉಳಿಯುವ ಕಾಲವನ್ನು ಗುಂಪಿನೊಳಗಿನ ನಡಿಗೆಗೆ ಕೊಡಬಹುದು. ಅಂದರೆ ತುದಿಗಳ ಗುಂಪುಗಳು ಕಿರಿದಾಗಿ, ನಡುವಿನವು ಹಿರಿದಾಗಿ ಇರಬೇಕು. 32 ಸ್ಥಾನಗಳನ್ನು 2, 3, 4, 5, 6, 5, 4, 3 ಎಂದು ಹಂಚಿ ನೋಡಬಹುದು. ಮೊದಲ ಗುಂಪಿನಿಂದ ಕೊನೆಯದಕ್ಕೆ 2 + 6 + 3 = 11. ಆರರ ಗುಂಪಿನಿಂದ ಅದರ ಪಕ್ಕದ ಐದರ ಗುಂಪಿಗೆ 6 + 0 + 5 = 11. ಮೂರನೆಯ ಗುಂಪಿನಿಂದ ಕೊನೆಯದಕ್ಕೆ 4 + 4 + 3 = 11. ಯಾವ ಜೋಡಿಯನ್ನು ಆಯ್ದರೂ ಹನ್ನೊಂದನ್ನು ಮೀರುವುದಿಲ್ಲ. ಗುಂಪುಗಳ ಸಂಖ್ಯೆ ಎಂಟೇ ಇದ್ದು, ಗಡಿಗಳನ್ನು ಸರಿಸಿದ್ದರಿಂದಲೇ 14 ಇದ್ದದ್ದು 11 ಆಯಿತು.

‘ಕ್ಯಾರಿ ಸೆಲೆಕ್ಟ್’ ಪದ್ಧತಿಯನ್ನು ಓ. ಜೆ. ಬೆಡ್ರಿಜ್ 1962ರಲ್ಲಿ ಪ್ರಕಟಿಸಿದರು. ಇದರ ಮನೋಧರ್ಮ ಬೇರೆ. ಮೊದಲನೆಯದನ್ನು ಬಿಟ್ಟು ಪ್ರತಿ ಗುಂಪೂ ತನ್ನ ಲೆಕ್ಕವನ್ನು ಎರಡು ಬಾರಿ ಏಕಕಾಲಕ್ಕೆ ಮಾಡಿಟ್ಟುಕೊಳ್ಳುತ್ತದೆ: ದಶಕ ಬಾರದಿದ್ದರೆ ಒಂದು ಉತ್ತರ, ಬಂದರೆ ಇನ್ನೊಂದು. ನಿಜವಾದ ದಶಕ ತಲುಪಿದಾಗ ಎರಡರಲ್ಲಿ ಒಂದನ್ನು ಆಯ್ದುಕೊಳ್ಳುವುದಷ್ಟೇ ಉಳಿದ ಕೆಲಸ. ಸಮಗಾತ್ರದ ಗುಂಪುಗಳಲ್ಲಿ T = P + n/P − 1; 32 ಸ್ಥಾನಗಳಿಗೆ P = 4 ಆದರೂ P = 8 ಆದರೂ 11 ಘಟಕಗಳು. ಇಲ್ಲಿ ಗುಂಪುಗಳನ್ನು ಎಡಕ್ಕೆ ಹೋದಂತೆ ಬೆಳೆಸಬೇಕು. ದಶಕ ಎಷ್ಟು ತಡವಾಗಿ ತಲುಪುವುದೋ ಅಷ್ಟು ದೊಡ್ಡ ಲೆಕ್ಕವನ್ನು ಆ ಗುಂಪು ಅಷ್ಟರೊಳಗೆ ಮುಗಿಸಿಟ್ಟಿರಬಲ್ಲುದು. 4, 4, 5, 6, 7, 6 ಎಂಬ ಹಂಚಿಕೆಯಲ್ಲಿ ಮೊದಲ ಗುಂಪಿಗೆ 4, ನಂತರದ ಐದು ಆಯ್ಕೆಗಳಿಗೆ 5, ಒಟ್ಟು 9 ಘಟಕಗಳು.

ಒಂಬತ್ತು ಹನ್ನೊಂದಕ್ಕಿಂತ ಕಡಿಮೆಯೇನೋ ಹೌದು. ಆದರೆ ಈ ಎರಡು ಘಟಕಗಳ ಲಾಭಕ್ಕಾಗಿ ಮೊದಲ ನಾಲ್ಕನ್ನುಳಿದು 28 ಸ್ಥಾನಗಳ ಮಂಡಲವನ್ನು ಇಮ್ಮಡಿಸಬೇಕು, ಜೊತೆಗೆ ಆಯ್ಕೆಯ ಸ್ವಿಚ್ಚುಗಳನ್ನೂ ಇಡಬೇಕು. ಸ್ಕಿಪ್ ಪದ್ಧತಿಗೆ ಗುಂಪಿಗೊಂದು ಪರೀಕ್ಷಕ ದ್ವಾರ ಮತ್ತು ಒಂದು ಆಯ್ಕೆಯ ಸ್ವಿಚ್ಚು ಸಾಕು. ಜಾಗ ಮತ್ತು ವಿದ್ಯುತ್ತಿನ ಮಿತವ್ಯಯ ಮುಖ್ಯವಾದಲ್ಲಿ ವಿಷಮಗಾತ್ರದ ಸ್ಕಿಪ್ ಸಂಕಲಕವೇ ಹೆಚ್ಚು ವಿವೇಕದ್ದೆಂದು ಹೇಳಬೇಕಾಗುತ್ತದೆ.

ಈ ಅಂಕಿಗಳೆಲ್ಲ ನಡಿಗೆ, ಹಾರಿಕೆ, ಆಯ್ಕೆಗಳ ಬೆಲೆ ಒಂದೇ ಎಂಬ ಊಹೆಯನ್ನು ಆಧರಿಸಿವೆ. ಹಾರಿಕೆಗೆ ನಡಿಗೆಯ ಎರಡರಷ್ಟು ಕಾಲ ಹಿಡಿದರೆ ಸ್ಕಿಪ್ ಸಂಕಲಕದಲ್ಲಿ ನಾಲ್ಕರ ಗುಂಪಿಗೂ ಎಂಟರ ಗುಂಪಿಗೂ 20 ಘಟಕಗಳೇ ಆಗಿ, ಉತ್ತಮ ಗಾತ್ರ ಅವುಗಳ ನಡುವೆ ಎಲ್ಲೋ ನಿಲ್ಲುತ್ತದೆ. ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ಬಳಸುವ ಎಫ್‌ಪಿಜಿಎ ಚಿಪ್ಪುಗಳಲ್ಲಿ ಪರಿಸ್ಥಿತಿ ಇನ್ನೂ ಭಿನ್ನ. ಅಲ್ಲಿ ದಶಕದ ನಡಿಗೆಗೆಂದೇ ಅತಿವೇಗದ ಸಿದ್ಧ ಸರಪಳಿ ಇರುತ್ತದೆ. ಹಾರಿಕೆ ಸಾಮಾನ್ಯ ತಂತಿಗಳಲ್ಲಿ ಸುತ್ತಿ ಬರಬೇಕಾಗುವುದರಿಂದ 32 ಸ್ಥಾನಗಳ ಅಳತೆಯಲ್ಲಿ ಸರಳ ರಿಪಲ್ ಸಂಕಲಕವೇ ಮುಂದಾಗುವುದುಂಟು.

ಸ್ಕಿಪ್ ಸಂಕಲಕದ ಇನ್ನೊಂದು ತೊಡಕು ಸೂಕ್ಷ್ಮವಾದುದು. ತರ್ಕದ ದೃಷ್ಟಿಯಿಂದ ಹಾರುವ ದಾರಿ ಅನಾವಶ್ಯಕ. ಅದಿಲ್ಲದೆಯೂ ಉತ್ತರ ಸರಿಯಾಗಿಯೇ ಬರುತ್ತದೆ. ಹೀಗಾಗಿ ಮಂಡಲವನ್ನು ಸಂಕ್ಷೇಪಿಸುವ ತಂತ್ರಾಂಶ ಅದನ್ನು ವ್ಯರ್ಥವೆಂದು ತೆಗೆದುಹಾಕುವ ಅಪಾಯವಿದೆ. ಕಾಲವನ್ನು ಅಳೆಯುವ ತಂತ್ರಾಂಶ, ನಿಜದಲ್ಲಿ ಎಂದೂ ಬಳಕೆಯಾಗದ 32 ಸ್ಥಾನಗಳ ನೇರ ನಡಿಗೆಯನ್ನೇ ಅತಿ ದೀರ್ಘ ದಾರಿಯೆಂದು ತೋರಿಸಬಹುದು. ತಯಾರಾದ ಚಿಪ್ಪಿನಲ್ಲಿ ಹಾರುವ ದಾರಿ ಸದಾ ಮುಚ್ಚಿಯೇ ಉಳಿಯುವಂತೆ ಕೆಟ್ಟಿದ್ದರೆ ಮೊತ್ತ ತಪ್ಪುವುದಿಲ್ಲ, ತಡವಾಗುತ್ತದೆ ಅಷ್ಟೆ. ಆದ್ದರಿಂದ ನಿಧಾನವಾಗಿ ಓಡಿಸಿ ಉತ್ತರವನ್ನು ತಾಳೆ ನೋಡುವ ಪರೀಕ್ಷೆಗೆ ಈ ದೋಷ ಸಿಗದು. ಒಂದು ಸಂಖ್ಯೆಯ 32 ಸ್ಥಾನಗಳಲ್ಲೂ 1 ಇಟ್ಟು, ಇನ್ನೊಂದರ ಬಿಡಿಯ ಸ್ಥಾನದಲ್ಲಿ ಮಾತ್ರ 1 ಇಟ್ಟು, ಪೂರ್ಣ ವೇಗದ ಗಡಿಯಾರದಲ್ಲಿ ಕೂಡಿಸಿದಾಗ ಎಡತುದಿಯ ಅಂಕೆಗಳು ಸೊನ್ನೆಯಾಗದೆ 1 ಆಗಿಯೇ ಸಿಕ್ಕಿದರೆ, ದಶಕ ಹಾರದೆ ನಡೆದುಕೊಂಡು ಬರುತ್ತಿದೆ ಎಂದು ತಿಳಿಯಬಹುದು.